ಸಾಮಾನು ಪಟ್ಟಿ ತಿದ್ದಿದ ಡ್ರಮ್ಮು

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯಲ್ಲಿ ಸಂಕ್ರಾಂತಿ ಕಳೆಯಿತೆಂದರೆ ಅರಿಶಿನದ ಹೊಲಗಳಲ್ಲಿ ಅಗೆತ. ಅಗೆದ ಗೆಡ್ಡೆಯನ್ನು ಬೇಯಿಸಬೇಕು, ಕಣದಲ್ಲಿ ಹರಡಿ ದಿನಗಟ್ಟಲೆ ಒಣಗಿಸಬೇಕು. ಒಣಗಿದ ಮೇಲೂ ಕೊಂಬಿನ ಮೈಮೇಲೆ ಬೇರಿನ ಎಳೆ, ಹೊಟ್ಟು, ಮಂಕು ಬಣ್ಣ ಉಳಿದಿರುತ್ತವೆ. ಹಾಗೇ ಈರೋಡಿನ ಮಾರುಕಟ್ಟೆಗೆ ಒಯ್ದರೆ ಬೆಲೆ ಬರುವುದಿಲ್ಲ. ಆದ್ದರಿಂದ ಕೊನೆಯ ಕೆಲಸ ಪಾಲಿಶ್. ಜಾಲರಿ ಗೋಡೆಯ ಡ್ರಮ್ಮಿಗೆ ತುಂಬಿ ತಿರುಗಿಸಿದರೆ ಕೊಂಬುಗಳು ಜಾಲರಿಗೂ ಒಂದಕ್ಕೊಂದೂ ಉಜ್ಜಿ ಹೊಳಪು ಬರುತ್ತದೆ, ಹೊಟ್ಟು ಜಾಲರಿಯ ಕಣ್ಣಿನಿಂದ ಕೆಳಗೆ ಉದುರುತ್ತದೆ. ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೈಪಿಡಿ ಈ ಯಂತ್ರವನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ: ನಡುವಿನ ಅಚ್ಚಿನ ಮೇಲೆ ಕೂತ ಡ್ರಮ್ಮು, ಸುತ್ತಲೂ ಎಕ್ಸ್‌ಪ್ಯಾಂಡೆಡ್ ಜಾಲರಿ, ನಿಮಿಷಕ್ಕೆ 30 ಸುತ್ತು.

ಆ ಒಂದೆರಡು ವಾಕ್ಯ ಹಿಡಿದುಕೊಂಡು ಡ್ರಮ್ಮು ಮಾಡಿಕೊಡುವವರು ನಮ್ಮ ರಸ್ತೆ ಬದಿಯ ಫ್ಯಾಬ್ರಿಕೇಶನ್ ಅಂಗಡಿಯವರು. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೈಲರು ಮಾಡುವ ಕೈಗಳೇ ಇದನ್ನೂ ಮಾಡುತ್ತವೆ. ಆರ್ಡರು ಬಾಯಿಮಾತಿನದು, ಅಳತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ನಕ್ಷೆ ಬೇಡವೇ ಎಂದು ಕೇಳಿದರೆ ಸಿಗುವ ಉತ್ತರವೂ ಸಿದ್ಧವಾಗಿದೆ: “ಡ್ರಾಯಿಂಗ್ ಯಾಕ ಸಾ, ಅಳ್ತ ಹೇಳ್ಬುಡಿ ಸಾಕು.”

ಮೊದಲ ಡ್ರಮ್ಮಿನ ಮಟ್ಟಿಗೆ ಆ ಮಾತು ಸರಿ. ಮಾಡುವವನ ತಲೆಯಲ್ಲೇ ನಕ್ಷೆ ಇರುತ್ತದೆ. ತೊಂದರೆ ಶುರುವಾಗುವುದು ಎರಡನೆಯದರಿಂದ. ಹಂಗಾಮಿಗೆ ಮುಂಚೆ ಒಟ್ಟಿಗೆ ಐದು ಬೇಕೆಂದು ಆರ್ಡರು ಬಂದಾಗ, ಅರ್ಧ ಕೆಲಸ ಇನ್ನೊಬ್ಬನ ಕೈಗೆ ಹೋದಾಗ, ಮೂರು ವರ್ಷದ ಮೇಲೆ ಬೇರಿಂಗು ಹೋಗಿ ಯಾವ ನಂಬರಿನದು ಎಂದು ಯಾರಿಗೂ ನೆನಪಿಲ್ಲದಾಗ, ತಲೆಯೊಳಗಿನ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಡ್ರಮ್ಮನ್ನು ಹಾಳೆಯ ಮೇಲೆ ಪೂರ್ತಿಯಾಗಿ ಇಳಿಸಿ ನೋಡೋಣ. ಹೊರಗಿನ ನೋಟ, ಕೊಯ್ದು ತೋರಿಸಿದ ನೋಟ, ಸಾಮಾನಿನ ಪಟ್ಟಿ, ಈ ಮೂರೂ ಇರುವ ಒಂದು ನಕ್ಷೆ. ಅಳತೆಗಳು ಈ ಲೇಖನಕ್ಕೆಂದು ನಾನೇ ಹಾಕಿಕೊಂಡವು. ಲೆಕ್ಕ ಮಾತ್ರ ಯಾರು ಮಾಡಿದರೂ ಅದೇ ಬರುತ್ತದೆ.

ಮೊದಲ ಅಂದಾಜು ಹೀಗಿರಲಿ. ಡ್ರಮ್ಮಿನ ವ್ಯಾಸ 900 ಮಿಲಿಮೀಟರ್, ಉದ್ದ 1200. ಎರಡು ತುದಿಗೆ 3 ಮಿ.ಮೀ. ದಪ್ಪದ ಶೀಟಿನ ಬಿಲ್ಲೆಗಳು. ಬಿಲ್ಲೆಯಿಂದ ಬಿಲ್ಲೆಗೆ ಸುತ್ತಲೂ ಆರು ಫ್ಲಾಟುಗಳು, ಅವುಗಳ ಮೇಲೆ ಸುತ್ತಿದ ಜಾಲರಿ. ನಡುವೆ ಹಾದುಹೋದ 40 ಮಿ.ಮೀ. ಶಾಫ್ಟು, ಆ ಕಡೆ ಈ ಕಡೆ ಒಂದೊಂದು ಬೇರಿಂಗು, ಕೆಳಗೆ ಆ್ಯಂಗಲ್ಲಿನ ಸ್ಟ್ಯಾಂಡು. ನೆಲದಿಂದ ಶಾಫ್ಟಿನ ನಡುವಿಗೆ 900 ಮಿ.ಮೀ. ತಿರುಗಿಸುವ ಮೋಟಾರು, ಗೇರು ಬೇರೆ ಹಾಳೆಯ ವಿಷಯ. ಇಲ್ಲಿ ಶಾಫ್ಟಿನ ಬಲತುದಿಯಲ್ಲಿ ಪುಲ್ಲಿ ಇದೆ ಎಂದಷ್ಟೇ ಇಟ್ಟುಕೊಳ್ಳೋಣ.

ಓರೆಯಾಗಿ ನೋಡಿದ ಡ್ರಮ್ಮು

ಮೇಲಿಂದ ನೋಡಿದ ಚಿತ್ರ, ಎದುರಿಂದ ನೋಡಿದ ಚಿತ್ರ, ಪಕ್ಕದ ಚಿತ್ರ ಎಂದು ಮೂರು ಬಿಡಿ ನೋಟ ಕೊಟ್ಟರೆ ಓದಿದವನು ತಲೆಯಲ್ಲಿ ಅವನ್ನು ಜೋಡಿಸಿಕೊಳ್ಳುತ್ತಾನೆ. ಓದದವನಿಗೆ ಅದು ಮೂರು ಬೇರೆ ವಸ್ತು. ಐಸೊಮೆಟ್ರಿಕ್ ನೋಟದಲ್ಲಿ ಮೂರು ಮುಖವೂ ಒಟ್ಟಿಗೆ ಕಾಣುತ್ತವೆ. ಎತ್ತರದ ಗೆರೆ ನೇರ ನಿಲ್ಲುತ್ತದೆ, ಉದ್ದ ಅಗಲದ ಗೆರೆಗಳು ಎಡಕ್ಕೂ ಬಲಕ್ಕೂ ಅಡ್ಡಗೆರೆಯಿಂದ 30 ಡಿಗ್ರಿ ಮೇಲೇಳುತ್ತವೆ. ಫೋಟೊದಲ್ಲಿ ದೂರದ್ದು ಚಿಕ್ಕದಾಗಿ ಕಾಣುವಂತೆ ಇಲ್ಲಿ ಆಗುವುದಿಲ್ಲ. ಮೂರೂ ದಿಕ್ಕಿಗೆ ಒಂದೇ ಮಾಪನ.

ಈ ಪದ್ಧತಿಗೆ ನಿಯಮ ಬರೆದವನು ಕೇಂಬ್ರಿಜ್‌ನ ವಿಲಿಯಂ ಫಾರಿಶ್. ಅವನ ಪ್ರಬಂಧ ಅಚ್ಚಾದದ್ದು 1822ರಲ್ಲಿ. ಪಾಠ ಹೇಳಲು ಅವನು ಯಂತ್ರಗಳ ಮಾದರಿಗಳನ್ನು ಬಳಸುತ್ತಿದ್ದ. ಅವೇ ಗಾಲಿ, ಅವೇ ಸಲಾಕೆ, ಅವೇ ಹಲ್ಲುಚಕ್ರಗಳನ್ನು ಇವತ್ತು ಒಂದು ಯಂತ್ರವಾಗಿ, ನಾಳೆ ಬಿಚ್ಚಿ ಇನ್ನೊಂದಾಗಿ ಜೋಡಿಸಬೇಕಿತ್ತು. ಜೋಡಿಸುವ ಸಹಾಯಕರಿಗೆ ಯಾವುದು ಎಲ್ಲಿ ಕೂರುತ್ತದೆಂದು ಒಂದೇ ನೋಟದಲ್ಲಿ ತೋರಿಸುವ ಚಿತ್ರ ಬೇಕಾಗಿತ್ತು. ಐಸೊಮೆಟ್ರಿಕ್ ಹುಟ್ಟಿದ್ದೇ ಜೋಡಣೆಯ ಕೆಲಸಕ್ಕೆ. ಚೆಂದ ಕಾಣಲಿ ಎಂದು ನಕ್ಷೆಯ ಮೂಲೆಯಲ್ಲಿ ಒಂದನ್ನು ಅಂಟಿಸುವವರಿಗೆ ಈ ಸಂಗತಿ ಗೊತ್ತಿರಲಿ.

ನಮ್ಮ ಡ್ರಮ್ಮಿಗೆ 1:10 ಪ್ರಮಾಣ ಸಾಕು. ಛೇದಗಳೂ ಪಟ್ಟಿಯೂ ಸೇರಿದರೆ ಎ2 ಹಾಳೆ ಬೇಕಾಗುತ್ತದೆ. ದುಂಡಗಿನ ಡ್ರಮ್ಮನ್ನು ದುಂಡಗೆ ಬರೆಯಲು ಹೋಗಬಾರದು. ಮೊದಲು ಅದು ಸರಿಯಾಗಿ ಹಿಡಿಸುವ ಒಂದು ಪೆಟ್ಟಿಗೆಯನ್ನು ತೆಳುವಾಗಿ ಬರೆದುಕೊಳ್ಳಬೇಕು. ಪೆಟ್ಟಿಗೆಯ ತುದಿಯ ಚೌಕ ಐಸೊಮೆಟ್ರಿಕ್‌ನಲ್ಲಿ ವಜ್ರಾಕೃತಿಯಾಗುತ್ತದೆ. ಅದರೊಳಗೆ ನಾಲ್ಕೂ ಬದಿಯ ನಡುಬಿಂದುವನ್ನು ಮುಟ್ಟುವ ಅಂಡಾಕೃತಿಯೇ ನಮ್ಮ ಬಿಲ್ಲೆ. ಕೈಯಲ್ಲಿ ಬರೆಯುವವರು ನಾಲ್ಕು ಕೇಂದ್ರಗಳ ಉಪಾಯ ಬಳಸುತ್ತಾರೆ. ವಜ್ರದ ಎರಡು ಅಗಲ ಮೂಲೆಗಳಿಂದ ಎರಡು ದೊಡ್ಡ ಕಮಾನು, ಒಳಗಿನ ಎರಡು ಬಿಂದುಗಳಿಂದ ಎರಡು ಚಿಕ್ಕ ಕಮಾನು. ಕಂಪಾಸಿನಲ್ಲಿ ಬೇಗ ಮುಗಿಯುತ್ತದೆ, ಕಣ್ಣಿಗೂ ಸರಿಯೆನಿಸುತ್ತದೆ.

ಆದರೆ ಅದು ಕಣ್ಣಿಗೆ ಮಾತ್ರ ಸರಿ. ವೃತ್ತದ ವ್ಯಾಸ ಒಂದು ಎಂದಿಟ್ಟುಕೊಂಡರೆ ನಿಜವಾದ ಅಂಡಾಕೃತಿಯ ಉದ್ದ 1.22 ಬರಬೇಕು, ಅಗಲ 0.71. ನಾಲ್ಕು ಕೇಂದ್ರದ ಅಂಡಾಕೃತಿಯಲ್ಲಿ ಉದ್ದ 1.15ಕ್ಕೇ ನಿಲ್ಲುತ್ತದೆ, ಅಗಲ 0.73ಕ್ಕೆ ಏರುತ್ತದೆ. ಚಿಕ್ಕ ರಂಧ್ರವಾದರೆ ಯಾರಿಗೂ ತಿಳಿಯುವುದಿಲ್ಲ. ಇಷ್ಟು ದೊಡ್ಡ ಬಿಲ್ಲೆಯಲ್ಲಿ ಹಾಳೆಯ ಮೇಲೆಯೇ ಸುಮಾರು ಆರು ಮಿ.ಮೀ. ವ್ಯತ್ಯಾಸ ಕಾಣುತ್ತದೆ, ಅಂದರೆ ನಿಜದಲ್ಲಿ ಅರುವತ್ತು ಮಿ.ಮೀ. ಚಿತ್ರಕ್ಕೆ ಸ್ಕೇಲು ಹಿಡಿದು ಅಳತೆ ತೆಗೆಯುವವನು ಇಲ್ಲೇ ಕೆಡುತ್ತಾನೆ.

ಇನ್ನೊಂದು ಎಡವುವ ಜಾಗ ಆ ಆರು ಫ್ಲಾಟುಗಳದು. ಬಿಲ್ಲೆಯ ಸುತ್ತ 60 ಡಿಗ್ರಿಗೆ ಒಂದರಂತೆ ಅವು ಕೂರುತ್ತವೆ. ಅಂಡಾಕೃತಿಯ ಮೇಲೆ ಕೋನಮಾಪಕ ಇಟ್ಟು 60, 120 ಎಂದು ಗುರುತು ಹಾಕಿದರೆ ಫ್ಲಾಟುಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಬೀಳುತ್ತವೆ. ಐಸೊಮೆಟ್ರಿಕ್‌ನಲ್ಲಿ ಕೋನಗಳು ನಿಜವಲ್ಲ. ಮೂರು ಅಕ್ಷಗಳ ಉದ್ದಕ್ಕೆ ಹೋಗುವ ಅಳತೆಗಳು ಮಾತ್ರ ನಿಜ. ದಾರಿ ಏನೆಂದರೆ, ಪಕ್ಕದಲ್ಲಿ ನಿಜವಾದ ವೃತ್ತ ಬರೆದು ಆರು ಭಾಗ ಮಾಡುವುದು, ಪ್ರತಿ ಬಿಂದುವೂ ನಡುವಿನಿಂದ ಅಡ್ಡಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಅಳೆಯುವುದು, ಆ ಎರಡು ಅಳತೆಯನ್ನು ವಜ್ರದ ಬದಿಗಳ ದಿಕ್ಕಿನಲ್ಲಿ ಇಡುವುದು. ತ್ರಿಜ್ಯ 450 ಆದರೆ 60 ಡಿಗ್ರಿಯ ಬಿಂದು ಅಡ್ಡಕ್ಕೆ 225, ಎತ್ತರಕ್ಕೆ ಸುಮಾರು 390.

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ, ಬೇರೆಯದು ಇದೆ. ಆಟೊಕ್ಯಾಡ್‌ನಲ್ಲಿ `ISODRAFT` ಕೊಟ್ಟು, `F5` ಒತ್ತಿ ಮುಖ ಬದಲಿಸಿಕೊಂಡು, `ELLIPSE` ಆಜ್ಞೆಯ ಒಳಗಿನ `Isocircle` ಆಯ್ದರೆ ನಿಜವಾದ ಅಂಡಾಕೃತಿಯೇ ಬರುತ್ತದೆ. ಅಲ್ಲಿ ಅಕ್ಷದ ಉದ್ದಕ್ಕೆ 1200 ಎಂದರೆ 1200. ಆದರೆ ಸಾಲಿಡ್ ಎಡ್ಜ್, ಫ್ರೀಕ್ಯಾಡ್‌ಗಳಲ್ಲಿ ಮೂರು ಆಯಾಮದ ಮಾದರಿ ಮಾಡಿ ಅದರ ಐಸೊಮೆಟ್ರಿಕ್ ನೋಟವನ್ನು ಹಾಳೆಗೆ ಇಳಿಸಿದರೆ ಬರುವುದು ನಿಜವಾದ ಪ್ರಕ್ಷೇಪ. ಅದರಲ್ಲಿ ಪ್ರತಿ ಉದ್ದವೂ 0.816 ಪಾಲಿಗೆ ಕುಗ್ಗಿರುತ್ತದೆ. ಎರಡೂ ಚಿತ್ರ ನೋಡಲು ಒಂದೇ ಥರ. ಎರಡನೆಯದಕ್ಕೆ ಸ್ಕೇಲು ಹಿಡಿದು ಹತ್ತರಿಂದ ಗುಣಿಸಿದವನು 1200ರ ಫ್ಲಾಟನ್ನು 980ಕ್ಕೆ ಕತ್ತರಿಸುತ್ತಾನೆ. ಅದಕ್ಕೇ ಐಸೊಮೆಟ್ರಿಕ್ ನೋಟದ ಕೆಳಗೆ ‘ಇದರಿಂದ ಅಳತೆ ತೆಗೆಯಬೇಡಿ’ ಎಂದು ಬರೆಯುವುದು, ಅಂಕಿಗಳನ್ನು ಛೇದ ನೋಟದಲ್ಲಿ ಕೊಡುವುದು ನನಗೆ ಸರಿಕಾಣುತ್ತದೆ. ಹೊರ ಅಳತೆ ಮೂರು ಹಾಕಿ, ಭಾಗಗಳಿಗೆ ದುಂಡು ಬಲೂನಿನೊಳಗೆ ಸಂಖ್ಯೆ ಕೊಟ್ಟರೆ ಐಸೊಮೆಟ್ರಿಕ್‌ನ ಕೆಲಸ ಮುಗಿಯಿತು.

ಕೊಯ್ದಾಗ ಕಾಣುವುದು

ಹೊರಗಿನ ಚಿತ್ರ ಎಷ್ಟೇ ಚೆನ್ನಾಗಿರಲಿ, ಡ್ರಮ್ಮಿನ ಆಯಸ್ಸನ್ನು ತೀರ್ಮಾನಿಸುವ ಜಾಗ ಅದರಲ್ಲಿ ಕಾಣುವುದಿಲ್ಲ. ಆ ಜಾಗ ಶಾಫ್ಟು ಬಿಲ್ಲೆಯನ್ನು ತೂರಿಹೋಗುವ ರಂಧ್ರ. ತುಂಬಿದ ಅರಿಶಿನದ ಭಾರವೆಲ್ಲ ಬಿಲ್ಲೆಗಳ ಮೂಲಕವೇ ಶಾಫ್ಟಿಗೆ ಹೋಗಬೇಕು. 3 ಮಿ.ಮೀ. ಶೀಟನ್ನು 40 ಮಿ.ಮೀ. ಶಾಫ್ಟಿಗೆ ನೇರವಾಗಿ ವೆಲ್ಡ್ ಮಾಡಿದರೆ, ಪ್ರತಿ ಸುತ್ತಿಗೂ ಆ ತೆಳು ಶೀಟು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬಾಗುತ್ತದೆ. ನಿಮಿಷಕ್ಕೆ 30 ಸುತ್ತಾದರೆ ಗಂಟೆಗೆ 1800 ಸಲ. ಬಿರುಕು ಬಿಡುವುದು ವೆಲ್ಡಿನ ಮೇಲಲ್ಲ, ಅದರ ಅಂಚಿನಲ್ಲಿ, ಶೀಟಿನ ಮೇಲೆ ಸುತ್ತಲೂ ಕೂದಲೆಳೆಯ ಹಾಗೆ. ಬಣ್ಣ ಎದ್ದು ಆ ಗೆರೆಯಲ್ಲಿ ತುಕ್ಕಿನ ಪುಡಿ ಕಂಡರೆ ಬಿರುಕು ಶುರುವಾಗಿದೆ ಎಂದೇ ಅರ್ಥ. ಡ್ರಮ್ಮು ಸುತ್ತಿಗೊಮ್ಮೆ ಕಟ್ ಎಂದು ಸದ್ದು ಮಾಡತೊಡಗಿದರೆ ಅದು ಮುಂದಿನ ಹಂತ.

ಪರಿಹಾರ ಸುಲಭ. ಬಿಲ್ಲೆಯ ನಡುವೆ 150 ಮಿ.ಮೀ. ವ್ಯಾಸದ, 8 ಮಿ.ಮೀ. ದಪ್ಪದ ಇನ್ನೊಂದು ಬಿಲ್ಲೆಯನ್ನು ಹೆಗ್ಗಟ್ಟಾಗಿ ವೆಲ್ಡ್ ಮಾಡಿ, ಶಾಫ್ಟನ್ನು ಅದಕ್ಕೆ ಬೆಸೆಯುವುದು. ಆದರೆ ಇದನ್ನು ಹೊರಗಿನ ನೋಟದಲ್ಲಿ ಹೇಗೆ ತೋರಿಸುತ್ತೀರಿ? ಹೊರಗಿದ್ದರೆ ಒಂದು ದುಂಡು ಗೆರೆ ಕಾಣುತ್ತದೆ, ಒಳಗಿದ್ದರೆ ಅದೂ ಇಲ್ಲ. ಚುಕ್ಕೆ ಗೆರೆ ಹಾಕಬಹುದು, ಆದರೆ ಬಿಲ್ಲೆ, ದಪ್ಪ ಬಿಲ್ಲೆ, ಶಾಫ್ಟು, ಫ್ಲಾಟು ಎಲ್ಲದರ ಚುಕ್ಕೆ ಗೆರೆಗಳೂ ಒಂದೇ ಜಾಗದಲ್ಲಿ ಸೇರಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಇಲ್ಲಿ ಛೇದ ಬೇಕು.

ಮೊದಲ ಛೇದ ಶಾಫ್ಟಿನ ಉದ್ದಕ್ಕೆ. ಡ್ರಮ್ಮನ್ನು ನೆತ್ತಿಯಿಂದ ಕೆಳಗಿನವರೆಗೆ ಶಾಫ್ಟಿನ ನಡುವೆ ಸೀಳಿ, ಮುಂದಿನ ಅರ್ಧವನ್ನು ತೆಗೆದಿಟ್ಟಂತೆ. ಸೀಳಿದ ಲೋಹದ ಮೈಗೆ 45 ಡಿಗ್ರಿಯ ಓರೆ ಗೆರೆ ತುಂಬಬೇಕು. ಅಂಟಿಕೊಂಡಿರುವ ಎರಡು ಭಾಗಗಳಿಗೆ ವಿರುದ್ಧ ದಿಕ್ಕಿನ ಗೆರೆ. ಶಾಫ್ಟಿನ ಮೈಗೆ ಮಾತ್ರ ಗೆರೆ ಎಳೆಯುವಂತಿಲ್ಲ. ಶಾಫ್ಟು, ಬೋಲ್ಟು, ನಟ್ಟು, ಕೀಲಿಗಳನ್ನು ಉದ್ದಕ್ಕೆ ಸೀಳಿದಾಗ ಸೀಳದಂತೆಯೇ ತೋರಿಸುವುದು ವಾಡಿಕೆ, ಏಕೆಂದರೆ ಅವುಗಳ ಒಳಗೆ ನೋಡಲು ಏನೂ ಇಲ್ಲ. ಗೆರೆ ತುಂಬಿದರೆ ಅವು ಕೊಳವೆಯೋ ಗಟ್ಟಿಯೋ ಎಂಬ ಅನುಮಾನ ಬೇರೆ. ಎರಡನೇ ಛೇದ ಡ್ರಮ್ಮಿನ ಅಡ್ಡಕ್ಕೆ, ಬೆಂಡೆಕಾಯಿ ಹೆಚ್ಚಿದ ಹಾಗೆ. ಆರು ಫ್ಲಾಟುಗಳ ಜಾಗ, ಜಾಲರಿಯ ಜೋಡಣೆ, ತುಂಬುವ ಬಾಗಿಲು ಇದರಲ್ಲಿ ಕಾಣುತ್ತವೆ. ಇಲ್ಲಿ ಅದೇ ಶಾಫ್ಟಿಗೆ ಓರೆ ಗೆರೆ ತುಂಬಲೇಬೇಕು, ಏಕೆಂದರೆ ಈಗ ಅದನ್ನು ಅಡ್ಡಕ್ಕೆ ಕೊಯ್ದಿದ್ದೇವೆ. ಕಲಿಯುವ ಹುಡುಗರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡು ಛೇದಗಳ ನಡುವೆ.

ತೆಳು ಶೀಟಿನದು ಬೇರೆ ಸಮಸ್ಯೆ. 1:10ರಲ್ಲಿ 3 ಮಿ.ಮೀ. ಬಿಲ್ಲೆ ಹಾಳೆಯ ಮೇಲೆ 0.3 ಮಿ.ಮೀ. ಆಗುತ್ತದೆ. ಅದರೊಳಗೆ ಓರೆ ಗೆರೆ ಹಿಡಿಸುವುದಿಲ್ಲ. ಅಷ್ಟನ್ನೂ ಕಪ್ಪು ತುಂಬಿ, ಪಕ್ಕದ ಭಾಗದಿಂದ ಬೇರೆಯಾಗಿ ಕಾಣಲು ನಡುವೆ ಒಂದಿಷ್ಟು ಬಿಳಿ ಬಿಡುತ್ತಾರೆ. ನನ್ನ ಕೇಳಿದರೆ ಆ ಹೆಗ್ಗಟ್ಟಿನ ಜಾಗವೊಂದನ್ನೇ ಸುತ್ತು ಹಾಕಿ ಪಕ್ಕದಲ್ಲಿ 1:2ರ ಪ್ರಮಾಣದಲ್ಲಿ ದೊಡ್ಡದಾಗಿ ಬರೆಯುವುದು ಒಳ್ಳೆಯದು. ವೆಲ್ಡಿಂಗ್ ಮಾಡುವವನು ನೋಡುವುದು ಆ ಚಿತ್ರವನ್ನು ಮಾತ್ರ.

ಉದ್ದದ ಛೇದ ಇನ್ನೊಂದು ಗುಟ್ಟನ್ನೂ ಹೊರಹಾಕುತ್ತದೆ. 40 ಮಿ.ಮೀ. ಶಾಫ್ಟಿಗೆ ಅಂಗಡಿಯಲ್ಲಿ ಸಿಗುವ ಬೇರಿಂಗು ಯುಸಿಪಿ 208. ಅದರ ತಳದಿಂದ ಶಾಫ್ಟಿನ ನಡುವಿಗೆ 49.2 ಮಿ.ಮೀ., ತಳದ ಅಗಲ ಸುಮಾರು 54. ಸ್ಟ್ಯಾಂಡಿಗೆ ನಾವು ಅಂದುಕೊಂಡದ್ದು 50ರ ಆ್ಯಂಗಲ್. ಛೇದದಲ್ಲಿ ಎರಡನ್ನೂ ಒಂದರ ಮೇಲೊಂದು ಬರೆದ ಕೂಡಲೇ ಬೇರಿಂಗಿನ ತಳ ಆ್ಯಂಗಲ್ಲಿನ ಅಂಚಿನಿಂದ ಆಚೆ ಚಾಚುವುದು ಕಾಣುತ್ತದೆ. ಅದರಡಿಗೆ 8 ಮಿ.ಮೀ. ದಪ್ಪದ ಒಂದು ಕೂರುಪ್ಲೇಟು ಹಾಕುವುದು ಲೇಸು. ಹಾಗಾದರೆ ಶಾಫ್ಟು 900ರಲ್ಲಿ ನಿಲ್ಲಬೇಕೆಂದರೆ ಸ್ಟ್ಯಾಂಡಿನ ಎತ್ತರ 900ರಿಂದ 49 ಮತ್ತು 8 ಕಳೆದು 843. ಬಾಯಿಮಾತಿನ ಆರ್ಡರಿನಲ್ಲಿ ‘900 ಎತ್ತರ’ ಎಂದು ಕೇಳಿಸಿಕೊಂಡವನು ಕಾಲುಗಳನ್ನೇ 900ಕ್ಕೆ ಕತ್ತರಿಸುತ್ತಾನೆ, ಡ್ರಮ್ಮು 57 ಮಿ.ಮೀ. ಮೇಲೇರುತ್ತದೆ, ಬೇರೆ ಹಾಳೆಯ ಅಳತೆಗೆ ಮಾಡಿಟ್ಟ ಮೋಟಾರು ಸ್ಟ್ಯಾಂಡು ಹೊಂದುವುದಿಲ್ಲ.

ನೋಟಗಳನ್ನು ಹಾಳೆಯಲ್ಲಿ ಎಲ್ಲಿ ಇಡಬೇಕೆಂಬುದೂ ಸಣ್ಣ ಮಾತಲ್ಲ. ನಮ್ಮಲ್ಲಿ ನಡೆಯುವುದು ಫಸ್ಟ್ ಆ್ಯಂಗಲ್ ಪದ್ಧತಿ. ಭಾರತೀಯ ಮಾನಕ ಬ್ಯೂರೊದ ಎಸ್‌ಪಿ 46 ಕೈಪಿಡಿ ಶಾಲೆ ಕಾಲೇಜುಗಳಿಗೆ ಹೇಳುವುದೂ ಅದನ್ನೇ. ಇದರಲ್ಲಿ ಎಡದಿಂದ ನೋಡಿದ ನೋಟ ಎದುರು ನೋಟದ ಬಲಕ್ಕೆ ಬರುತ್ತದೆ. ಅಮೆರಿಕದ ಥರ್ಡ್ ಆ್ಯಂಗಲ್‌ನಲ್ಲಿ ಎಡದ್ದು ಎಡಕ್ಕೇ. ಅಲ್ಲಿನ ಯಾವುದೋ ನಕ್ಷೆ ನೋಡಿಕೊಂಡು ಬರೆದದ್ದನ್ನು ನಮ್ಮ ಅಂಗಡಿಯಲ್ಲಿ ನಮ್ಮ ಪದ್ಧತಿಯಂತೆ ಓದಿದರೆ ಬಾಗಿಲಿನ ಕೀಲು ಇರಬೇಕಾದ ಕಡೆ ಚಿಲಕ ಬರುತ್ತದೆ. ಎಲ್ಲ ಅಳತೆಯೂ ಸರಿಯಾಗಿದ್ದು ಯಂತ್ರ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ತುಂಡರಿಸಿದ ಶಂಕುವಿನ ಚಿಹ್ನೆಯನ್ನು ಶೀರ್ಷಿಕೆ ಚೌಕದಲ್ಲಿ ಹಾಕುವುದು ಈ ಒಂದೇ ಕಾರಣಕ್ಕೆ. ಜೊತೆಗೆ ಐಸೊಮೆಟ್ರಿಕ್ ನೋಟವೂ ಇದ್ದರೆ ಗೊಂದಲಕ್ಕೆ ಎಡೆಯೇ ಇಲ್ಲ. ಪುಲ್ಲಿ ಯಾವ ಕಡೆ ಎಂದು ಅದು ನೇರವಾಗಿ ತೋರಿಸುತ್ತದೆ.

ಪಟ್ಟಿ ಎದುರಾಡಿದಾಗ

ಸಾಮಾನಿನ ಪಟ್ಟಿಯನ್ನು ಎಲ್ಲರೂ ಕೊನೆಗೆ ಬರೆಯುತ್ತಾರೆ, ನಕ್ಷೆ ಮುಗಿದ ಮೇಲೆ ಉಳಿದ ಗುಮಾಸ್ತೆ ಕೆಲಸ ಎಂಬಂತೆ. ನನ್ನ ಅಭಿಪ್ರಾಯ ಬೇರೆ. ಈ ನಕ್ಷೆಯಲ್ಲಿ ಡ್ರಮ್ಮಿನ ಗಾತ್ರ ತೀರ್ಮಾನವಾದದ್ದೇ ಪಟ್ಟಿಯಲ್ಲಿ.

ಜಾಲರಿಯಿಂದ ಶುರುಮಾಡೋಣ. 900ರ ವ್ಯಾಸಕ್ಕೆ ಸುತ್ತಳತೆ 2827 ಮಿ.ಮೀ. ಅಂಗಡಿಯಲ್ಲಿ ಜಾಲರಿ ಸಾಮಾನ್ಯವಾಗಿ ಸಿಗುವುದು ನಾಲ್ಕಡಿ ಎಂಟಡಿ ಹಾಳೆಯಾಗಿ, ಅಂದರೆ 1220ಕ್ಕೆ 2440. ಸುತ್ತಿದರೆ 387 ಮಿ.ಮೀ. ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಇನ್ನೊಂದು ಹಾಳೆ ತಂದು ತುಂಡು ಹಚ್ಚಬೇಕು. ಐದು ಡ್ರಮ್ಮು ಒಟ್ಟಿಗೆ ಮಾಡುವವನಿಗೆ ಆರನೇ ಒಂದು ಹಾಳೆಯಿಂದ ಐದು ತುಂಡೂ ಸಿಕ್ಕಿಬಿಡುತ್ತವೆ. ಒಂದೇ ಮಾಡುವವನಿಗೆ ಎರಡು ಹಾಳೆಯ ಖರ್ಚು. ಹಣ ಹೋಗಲಿ, ತುಂಡು ಹಚ್ಚಿದಲ್ಲಿ ಎರಡು ಜೋಡಣೆ ಬರುತ್ತವೆ. ಎರಡರ ಕೆಳಗೂ ಫ್ಲಾಟು ಇರಲೇಬೇಕು, ಇಲ್ಲದಿದ್ದರೆ ಜಾಲರಿಯ ತುದಿಗಳು ಎದ್ದು ಕೊಂಬನ್ನು ಕಚ್ಚಿ ಮುರಿಯುತ್ತವೆ. ಆರು ಫ್ಲಾಟು ಸಮಾನ ದೂರದಲ್ಲಿ ಎಂದು ಬರೆದ ನಮ್ಮ ಛೇದ ನೋಟವೇ ಆಗ ತಪ್ಪು.

ಒಂದೇ ಹಾಳೆ ಸಾಲಬೇಕೆಂದರೆ ವ್ಯಾಸ 776 ಮೀರುವಂತಿಲ್ಲ, ಮೇಲೆ ಒಂದರ ಮೇಲೊಂದು ಬರಲು ಸ್ವಲ್ಪ ಬೇಕು. 750 ಇಟ್ಟುಕೊಂಡರೆ ಸುತ್ತಳತೆ 2356. ಎಂಬತ್ತು ಮಿ.ಮೀ. ಸುಮಾರು ಮೇಲುಹೊದಿಕೆ ಉಳಿಯುತ್ತದೆ, ಜೋಡಣೆ ಒಂದೇ, ಅದು ಒಂದು ಫ್ಲಾಟಿನ ಮೇಲೆಯೇ ಬೀಳುತ್ತದೆ. ಬದಲಿಗೆ ಕೊಡಬೇಕಾದದ್ದೂ ಇದೆ. ಡ್ರಮ್ಮಿನ ಒಳಜಾಗ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತದೆ. ಆ ಚೌಕಾಶಿ ರೈತನೂ ಅಂಗಡಿಯವನೂ ಕೂತು ಮಾಡಬೇಕಾದದ್ದು. ಆದರೆ ಅದು ಹಾಳೆಯ ಮೇಲೆ ಮುಗಿಯಬೇಕು, ಜಾಲರಿ ಕತ್ತರಿಸಿದ ಮೇಲೆ ಅಲ್ಲ. ನಾವಿಲ್ಲಿ 750 ಎಂದೇ ಮುಂದುವರಿಯೋಣ.

ಮುಂದಿನದು ಫ್ಲಾಟು. 40 ಅಗಲ 6 ದಪ್ಪದ ಫ್ಲಾಟು 6 ಮೀಟರ್ ಉದ್ದದ ಲೆಕ್ಕದಲ್ಲಿ ಬರುತ್ತದೆ. 1200ರ ಐದು ತುಂಡು ಎಂದರೆ ಸರಿಯಾಗಿ 6000. ಕಾಗದದ ಮೇಲೆ ಲೆಕ್ಕ ಚೊಕ್ಕ. ಆದರೆ ಕಟಿಂಗ್ ಬ್ಲೇಡು ಪ್ರತಿ ಸಲ ಸುಮಾರು 3 ಮಿ.ಮೀ. ಲೋಹವನ್ನು ಕಿಡಿಯಾಗಿ ಹಾರಿಸುತ್ತದೆ. ನಾಲ್ಕು ಕಡಿತಕ್ಕೆ 12 ಮಿ.ಮೀ. ಹೋಗಿ ಐದನೇ ತುಂಡು ಗಿಡ್ಡವಾಗುತ್ತದೆ. ಅಂದರೆ ಒಂದು ಫ್ಲಾಟಿನಿಂದ ನಾಲ್ಕೇ ತುಂಡು. ಐದು ಡ್ರಮ್ಮಿಗೆ ಮೂವತ್ತು ತುಂಡು ಬೇಕು, ಎಂಟು ಫ್ಲಾಟು ತರಬೇಕು. ಉದ್ದವನ್ನು 1190ಕ್ಕೆ ಇಳಿಸಿದರೆ ಐದೂ ತುಂಡು ಬರುತ್ತವೆ, ಆರು ಫ್ಲಾಟು ಸಾಕು. ಹತ್ತು ಮಿ.ಮೀ. ಬಿಟ್ಟದ್ದಕ್ಕೆ ಎರಡು ಪೂರ್ತಿ ಫ್ಲಾಟು, ಸುಮಾರು 23 ಕಿಲೊ ಕಬ್ಬಿಣ ಉಳಿಯಿತು. ಜಾಲರಿಗೂ ಇದು ಒಳ್ಳೆಯದೇ: ಬಿಲ್ಲೆಗಳೂ ಸೇರಿ ಡ್ರಮ್ಮಿನ ಉದ್ದ 1196 ಆಗಿ, 1220ರ ಹಾಳೆಯಲ್ಲಿ ಎರಡೂ ಕಡೆ ಬಿಲ್ಲೆಯ ಅಂಚಿನಾಚೆಗೆ 12 ಮಿ.ಮೀ. ಮಡಚಲು ಸಿಗುತ್ತದೆ.

ಈಗ ಐಸೊಮೆಟ್ರಿಕ್‌ಗೂ ಛೇದಕ್ಕೂ ಹಿಂದಿರುಗಿ ಅಂಕಿಗಳನ್ನು ತಿದ್ದಬೇಕು. ಫ್ಲಾಟುಗಳ ನಡುವಿನ ಅಂತರವೂ ಬದಲಾಗುತ್ತದೆ. ಸುತ್ತಳತೆಯ ಆರನೇ ಒಂದು ಪಾಲು 393, ಫ್ಲಾಟಿನ ಅಗಲ ಕಳೆದರೆ ಸುಮಾರು 350. ತುಂಬುವ ಬಾಗಿಲು ಇದಕ್ಕಿಂತ ಅಗಲ ಇರುವಂತಿಲ್ಲ. ತಿದ್ದಿದ ಮೇಲೆ ಪಟ್ಟಿ ಹೀಗಾಗುತ್ತದೆ:

| ಸಂಖ್ಯೆ | ಭಾಗ | ಸಾಮಾನು, ಅಳತೆ (ಮಿ.ಮೀ.) | ಎಷ್ಟು | ತೂಕ (ಕಿಲೊ) |
|---|---|---|---|---|
| 8 | ಸ್ಟ್ಯಾಂಡು | ಆ್ಯಂಗಲ್ 50×50×6, ಒಟ್ಟು 8.6 ಮೀಟರ್ | 1 | 38.7 |
| 7 | ಕೂರುಪ್ಲೇಟು | ಪ್ಲೇಟು 200×60×8 | 2 | 1.5 |
| 6 | ಬೇರಿಂಗು | ಯುಸಿಪಿ 208, ಬೋಲ್ಟು ಸಮೇತ | 2 | ಕೊಳ್ಳುವುದು |
| 5 | ಶಾಫ್ಟು | ರಾಡು 40, ಉದ್ದ 1700 | 1 | 16.8 |
| 4 | ಜಾಲರಿ | ಎಕ್ಸ್‌ಪ್ಯಾಂಡೆಡ್ ಹಾಳೆ 1220×2440 | 1 | ಹಾಳೆ ಲೆಕ್ಕ |
| 3 | ಫ್ಲಾಟು | 40×6, ಉದ್ದ 1190 | 6 | 13.5 |
| 2 | ಹೆಗ್ಗಟ್ಟು ಬಿಲ್ಲೆ | ಪ್ಲೇಟು 8, ವ್ಯಾಸ 150 | 2 | 2.2 |
| 1 | ತುದಿ ಬಿಲ್ಲೆ | ಶೀಟು 3, ವ್ಯಾಸ 750 | 2 | 20.8 |

ಸಂಖ್ಯೆ ಕೆಳಗಿನಿಂದ ಮೇಲೆ ಹೋಗಿದೆ. ಪಟ್ಟಿ ಶೀರ್ಷಿಕೆ ಚೌಕದ ಮೇಲೆ ಕೂರುವುದರಿಂದ, ಹೊಸ ಭಾಗ ಸೇರಿದರೆ ಮೇಲೆ ಇನ್ನೊಂದು ಸಾಲು ಎಳೆಯಬಹುದು. ಹಳೆಯದನ್ನು ಅಳಿಸಬೇಕಿಲ್ಲ, ಐಸೊಮೆಟ್ರಿಕ್‌ನ ಬಲೂನುಗಳನ್ನು ಬದಲಿಸಬೇಕಿಲ್ಲ. ತೂಕ ಹಾಕಲು ದೊಡ್ಡ ಗಣಿತ ಬೇಡ. ರಾಡಿಗೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೊ ಎಂದು ಬರುತ್ತದೆ; 40ಕ್ಕೆ 9.88. ಶೀಟಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೊ.

ಈ ತೂಕ ಕೊಳ್ಳುವ ತೂಕವಲ್ಲ ಎಂಬುದನ್ನು ಮರೆಯಬಾರದು. ಎರಡು ಬಿಲ್ಲೆಗಳ ತೂಕ 20.8 ಕಿಲೊ ಆದರೂ ಅವನ್ನು ಕತ್ತರಿಸಲು 750ಕ್ಕೆ 1500ರ ಆಯತಾಕಾರದ ಶೀಟು ಬೇಕು, ಅದು 26.5 ಕಿಲೊ. ಮೂಲೆಗಳು ಗುಜರಿಗೆ. ರೈತನಿಗೆ ಬೆಲೆ ಹೇಳುವಾಗ ಅಂಗಡಿಯವನು ಲೆಕ್ಕ ಹಾಕಬೇಕಾದದ್ದು ಎರಡನೇ ಅಂಕಿಯನ್ನು. ಡ್ರಮ್ಮು ಕೈಗೆ ಬಂದಾಗ ರೈತ ನೋಡಬೇಕಾದದ್ದು ಮೊದಲನೆಯದನ್ನು. 3 ಮಿ.ಮೀ. ಎಂದು ಹೇಳಿ 2.5ರ ಶೀಟು ಹಾಕಿದ್ದರೆ ಪ್ರತಿ ಬಿಲ್ಲೆಯೂ 10.4ರ ಬದಲು 8.7 ಕಿಲೊ ತೂಗುತ್ತದೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರು ತಕ್ಕಡಿಗೆ ಕಾಣುತ್ತದೆ. ಕಂಪ್ಯೂಟರು ತಾನಾಗಿ ಕೊಟ್ಟ ತೂಕವನ್ನು ನಂಬುವ ಮೊದಲು ಮಾತ್ರ ಒಂದು ಬಿಲ್ಲೆಯ ಲೆಕ್ಕವನ್ನು ಕೈಯಲ್ಲಿ ಹಾಕಿ ನೋಡಿ. ಮಾದರಿಗೆ ಲೋಹ ಯಾವುದೆಂದು ಹೇಳದೇ ಇದ್ದರೆ ಪಟ್ಟಿಯಲ್ಲಿ ಅಂಕಿಯೇನೋ ಇರುತ್ತದೆ, ಅರ್ಥ ಇರುವುದಿಲ್ಲ.

ಜಾಲರಿಯ ಸಾಲು ಇನ್ನೂ ಅರ್ಧವೇ ಆಗಿದೆ. ಹಾಳೆಯ ಅಳತೆ ಬರೆದರೆ ಸಾಲದು. ವಜ್ರಾಕಾರದ ಕಣ್ಣಿನ ಉದ್ದ ಅಗಲ, ಎಳೆಯ ದಪ್ಪ, ಕಣ್ಣಿನ ಉದ್ದ ಯಾವ ದಿಕ್ಕಿಗೆ ಎಂಬುದೂ ಬೇಕು. ಕಣ್ಣು ದೊಡ್ಡದಾದರೆ ಸಣ್ಣ ಕೊಂಬು ಹೊಟ್ಟಿನ ಜೊತೆ ಉದುರುತ್ತದೆ, ಚಿಕ್ಕದಾದರೆ ಹೊಟ್ಟು ಒಳಗೇ ಉಳಿದು ಹೊಳಪು ಬರಲು ಹೊತ್ತು ಹಿಡಿಯುತ್ತದೆ. ಸೀಮೆಯಲ್ಲಿ ಬೆಳೆಯುವ ತಳಿಯ ಕೊಂಬನ್ನು ನೋಡಿ ಅದನ್ನು ರೈತನೇ ಆರಿಸಬೇಕು. ವೆಲ್ಡಿಂಗ್ ರಾಡು, ಪ್ರೈಮರು, ಗ್ರೀಸನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ; ಕೊನೆಗೆ ಬಿಲ್ಲಿನಲ್ಲಿ ಮಾತ್ರ ಅವು ಇರುತ್ತವೆ. ಕೆಳಗೊಂದು ಟಿಪ್ಪಣಿಯಾಗಿಯಾದರೂ ಬರೆಯುವುದು ಜಗಳ ತಪ್ಪಿಸುತ್ತದೆ.

ಐಟಿಐಗಳಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎರಡು ವರ್ಷದ ಕೋರ್ಸು. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಐಸೊಮೆಟ್ರಿಕ್ ಮೊದಲ ವರ್ಷದ ಪಾಠ. ಅಲ್ಲಿ ಹುಡುಗರು ಬರೆಯುವುದು ಶಂಕುವಿನ ಮೇಲೆ ಗೋಳ, ಷಟ್ಕೋನದ ಮೇಲೆ ಘನ. ಅದರ ಬದಲು ಒಂದು ಅರಿಶಿನದ ಡ್ರಮ್ಮನ್ನು, ಜಾಲರಿ ಹಾಳೆಯ ಅಳತೆ ಸಮೇತ ಕೊಟ್ಟು ಬರೆಸಿದರೆ, ಆ ಹಾಳೆ ಅಂಕಪಟ್ಟಿಯ ಆಚೆಗೂ ಹೋಗಿ ಯಾವುದಾದರೂ ಅಂಗಡಿಯ ಗೋಡೆಯಲ್ಲಿ ತೂಗುಬೀಳುತ್ತದೆ.

ಈ ಹಂಗಾಮಿಗೆ ಡ್ರಮ್ಮು ಮಾಡಿಸಬೇಕೆಂದಿರುವ ರೈತರಿಗೆ ನನ್ನದೊಂದು ಕೋರಿಕೆ. ಮುಂಗಡ ಕೊಡುವ ಮೊದಲು ಸಾಮಾನಿನ ಪಟ್ಟಿ ಕೇಳಿ, ಬೇರಿಂಗಿನ ನಂಬರು, ಶೀಟಿನ ದಪ್ಪ, ಜಾಲರಿಯ ಕಣ್ಣು ಅದರಲ್ಲಿ ಬರೆದಿದೆಯೇ ನೋಡಿ. ಶಾಫ್ಟು ಬಿಲ್ಲೆಯನ್ನು ಹಾದುಹೋಗುವ ಜಾಗವನ್ನು ಕೊಯ್ದು ಬರೆದು ತೋರಿಸಲು ಹೇಳಿ. ಅಷ್ಟನ್ನು ಬರೆದುಕೊಡಲಾಗದ ಅಂಗಡಿಗೆ ಡ್ರಮ್ಮಿನ ಆರ್ಡರು ಕೊಡಬೇಡಿ.